ಐವತ್ತು ಮಕ್ಕಳು, ನಾಲ್ಕು ಸಾವಿರ ವ್ಯಾಟು

ಹಾಲುರಾಮೇಶ್ವರದ ಗಂಗಮ್ಮನ ಕೊಳದ ಮುಂದೆ ಕೈಮುಗಿದು ಕೂತವರಿಗೆ ನೀರೊಳಗಿಂದ ಪ್ರಸಾದ ತೇಲಿಬರುತ್ತದೆಂಬ ನಂಬಿಕೆಯಿದೆ. ಶಿಕ್ಷಣ ಇಲಾಖೆಗೆ ಅರ್ಜಿ ಹಾಕಿದವರಿಗೆ ಅಷ್ಟು ನಂಬಿಕೆಯೂ ಉಳಿದಿಲ್ಲ. ಅಲ್ಲಿ ಕಿಟಕಿ ಕೇಳಿದರೆ ಪ್ರೊಜೆಕ್ಟರ್ ತೇಲಿಬರುತ್ತದೆ.

ಸುಮ್ಮನೆ ಕೂತ ದೊಡ್ಡ ಮನುಷ್ಯನ ಮೈ ಸುಮಾರು ನೂರು ವ್ಯಾಟ್ ಶಾಖ ಹೊರಗೆ ಬಿಡುತ್ತದೆ. ಇದರಲ್ಲಿ ಪವಾಡವೇನಿಲ್ಲ. ದಿನಕ್ಕೆ ಎರಡು ಸಾವಿರ ಕ್ಯಾಲರಿ ತಿಂದವನು ಅದನ್ನು ಇಪ್ಪತ್ತನಾಲ್ಕು ಗಂಟೆಗೆ ಹಂಚಿದರೆ ಬರುವ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಎಂಟನೇ ತರಗತಿಯ ಮಗುವಿಗೆ ಎಂಬತ್ತು ಹಿಡಿಯೋಣ. ಬಿಸಿಯೂಟದ ನಿಯಮದಂತೆ ಆ ಮಗುವಿಗೆ ಸಿಗಬೇಕಾದದ್ದು 700 ಕ್ಯಾಲರಿ, ಅಂದರೆ ಎಂಬತ್ತು ವ್ಯಾಟಿನ ಈ ಒಲೆ ಹತ್ತು ಗಂಟೆ ಉರಿಯುವಷ್ಟು ಸೌದೆ. ಸರ್ಕಾರ ಸೌದೆಯನ್ನು ಅಳೆದು ತೂಗಿ ಕೊಟ್ಟಿದೆ. ಬೆಂಕಿ ಎಲ್ಲಿಗೆ ಹೋಗಬೇಕು ಎಂಬ ಸುತ್ತೋಲೆ ಮಾತ್ರ ಇನ್ನೂ ಹೊರಟಿಲ್ಲ.

ಹೊಸದುರ್ಗದ ಕಡೆಯ ಒಂದು ಕೋಣೆ ಅಂತಿಟ್ಟುಕೊಳ್ಳಿ. ಉದ್ದ ಇಪ್ಪತ್ತನಾಲ್ಕು ಅಡಿ, ಅಗಲ ಇಪ್ಪತ್ತು, ಎತ್ತರ ಹತ್ತು, ಒಳಗೆ ಐವತ್ತು ಮಕ್ಕಳು. ಹಿರಿಯ ಪ್ರಾಥಮಿಕಕ್ಕೆ ಒಬ್ಬ ಮೇಷ್ಟ್ರಿಗೆ ಮೂವತ್ತೈದು ಮಕ್ಕಳು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದಲ್ಲ ಎನ್ನಬೇಡಿ. ಕಾಯ್ದೆಗೆ ಬೆವರುವುದಿಲ್ಲ. ಐವತ್ತು ಎಂಬತ್ತಲೆ ನಾಲ್ಕು ಸಾವಿರ ವ್ಯಾಟ್: ನೀರು ಕಾಯಿಸುವ ಸಾವಿರ ವ್ಯಾಟಿನ ಕಾಯಿಲ್ ನಾಲ್ಕನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟು ಸ್ವಿಚ್ ಹಾಕಿದ ಹಾಗೆ.

ಇದರಲ್ಲಿ ಸುಮಾರು ಎರಡೂವರೆ ಸಾವಿರ ವ್ಯಾಟ್ ನೇರವಾಗಿ ಕೋಣೆಯನ್ನು ಕಾಯಿಸುತ್ತದೆ. ಉಳಿದದ್ದು ಬೆವರು, ಉಸಿರಿನ ತೇವವಾಗಿ ಗಾಳಿಗೆ ಸೇರುತ್ತದೆ. ಆ ಕೋಣೆಯ ಗಾಳಿಯ ತೂಕ ಬರೀ ನೂರೈವತ್ತು ಕೆ.ಜಿ. ಗೋಡೆ, ನೆಲ ಏನೂ ಹೀರಿಕೊಳ್ಳದಿದ್ದರೆ ಗಾಳಿ ನಿಮಿಷಕ್ಕೊಂದು ಡಿಗ್ರಿ ಏರುತ್ತಿತ್ತು. ಗೋಡೆ ಸಾಕಷ್ಟು ಹೀರಿಕೊಳ್ಳುತ್ತದೆ, ಆದ್ದರಿಂದ ಬದುಕಿದ್ದೇವೆ. ಆದರೆ ಮಧ್ಯಾಹ್ನದ ಹೊತ್ತಿಗೆ ಗೋಡೆಗೂ ಸಾಕಾಗಿರುತ್ತದೆ. ಆಮೇಲೆ ಕಿಟಕಿಯೇ ಗತಿ. ಹೊರಗಿಗಿಂತ ಒಳಗೆ ಎರಡು ಡಿಗ್ರಿಗಿಂತ ಹೆಚ್ಚಾಗಬಾರದು ಎಂದರೆ ಕೋಣೆಯ ಅಷ್ಟೂ ಗಾಳಿ ಎರಡು ನಿಮಿಷಕ್ಕೊಮ್ಮೆ ಬದಲಾಗಬೇಕು. ಎದುರುಬದುರು ಕಿಟಕಿ ತೆರೆದಿದ್ದರೆ ಸಣ್ಣ ಗಾಳಿಯಲ್ಲೂ ಇದು ಆಗುವ ಕೆಲಸ. ಒಂದೇ ಬದಿ ತೆರೆದಿದ್ದರೆ ಆಗದು.

ಇಂಥ ಕೋಣೆಗೆ ಸ್ಮಾರ್ಟ್ ಕ್ಲಾಸ್ ಬಂತು. ಪರದೆಯ ಚಿತ್ರ ಕಾಣಲು ಕತ್ತಲೆ ಬೇಕು, ಹಾಗಾಗಿ ಒಂದು ಬದಿಯ ಕಿಟಕಿಗೆ ದಪ್ಪ ಕರ್ಟನ್. ಪ್ರೊಜೆಕ್ಟರ್ ಕಳ್ಳರ ಪಾಲಾಗಬಾರದು, ಹಾಗಾಗಿ ಇನ್ನೊಂದು ಬದಿಯ ಕಿಟಕಿಗೆ ಅಡ್ಡಲಾಗಿ ಬೀರು. ಇನ್ನೂರೈವತ್ತು ವ್ಯಾಟಿನ ಆ ಯಂತ್ರ ಮೂರು ಮಕ್ಕಳಷ್ಟು ಶಾಖ ಕೊಡುತ್ತದೆ, ಹಾಜರಿ ಮಾತ್ರ ಹೇಳುವುದಿಲ್ಲ. ಅದರ ಬೆಳಕಲ್ಲಿ ಮಕ್ಕಳು ಜಾಗತಿಕ ತಾಪಮಾನದ ಪಾಠ ನೋಡುತ್ತಾರೆ.

"ಫ್ಯಾನ್ ಇದೆಯಲ್ಲ ಸಾರ್" ಎನ್ನುತ್ತಾರೆ ತಪಾಸಣೆಗೆ ಬಂದವರು. ಇದೆ. ಹಳೆಯ ಸೀಲಿಂಗ್ ಫ್ಯಾನ್ ಎಪ್ಪತ್ತೈದು ವ್ಯಾಟ್ ತಿನ್ನುತ್ತದೆ, ಕಡೆಗೆ ಅಷ್ಟನ್ನೂ ಶಾಖವಾಗಿಯೇ ಕೋಣೆಗೆ ಕಾರುತ್ತದೆ. ಅದು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಬೇಗ ಆರಿಸುತ್ತದೆ ಅಷ್ಟೆ. ಅದಕ್ಕೂ ಒಣಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಅದು ಐವತ್ತು ಜನರ ಬೆವರಿನ ಆವಿಯನ್ನೇ ತಿರುತಿರುಗಿಸಿ ಬಡಿಸುತ್ತದೆ.

ಬೇಸಿಗೆಯಲ್ಲಿ ಲೆಕ್ಕ ಇನ್ನೂ ಬಿಗಿ. ಗಾಳಿಯೂ ಗೋಡೆಯೂ ಮೂವತ್ತಾರು ಡಿಗ್ರಿ ಮುಟ್ಟಿದರೆ ಚರ್ಮದಿಂದ ನೇರ ಶಾಖ ಹೊರಗೆ ಹೋಗದು. ಪೂರ್ತಿ ಭಾರ ಬೆವರಿನ ಮೇಲೆ. ಐವತ್ತು ಮಕ್ಕಳಿಗೆ ಗಂಟೆಗೆ ಆರು ಲೀಟರ್ ನೀರು ಮೈಮೇಲೆ ಆವಿಯಾಗಲೇಬೇಕು. ಆಗ ತೆರೆದ ಕಿಟಕಿಯೂ ಶಾಖ ಹೊರಹಾಕದು, ಆದರೆ ನಮ್ಮ ಸೀಮೆಯ ಒಣಗಾಳಿಯನ್ನು ಒಳಗೆ ತರುತ್ತದೆ. ಕುಡಿಯುವ ನೀರು ಮುಗಿದ ಶಾಲೆಯಲ್ಲಿ ಮೇಷ್ಟ್ರು "ಯಾಕೋ ತೂಕಡಿಸ್ತೀಯ?" ಎಂದು ಕಿವಿ ಹಿಂಡುವುದು ಬೇಸಿಗೆಯ ವಿಶೇಷ ತರಗತಿ.

ತಪ್ಪು ಚಾವಣಿಯದೋ ಮಕ್ಕಳ ಶಾಖದ್ದೋ ಎಂದು ತಿಳಿಯಲು ತಜ್ಞರ ಸಮಿತಿ ಬೇಡ. ಎರಡು ಥರ್ಮಾಮೀಟರ್ ಸಾಕು. ಒಂದು ಕೋಣೆಯೊಳಗೆ, ಇನ್ನೊಂದು ಜಗಲಿಯ ನೆರಳಲ್ಲಿ. ಮಕ್ಕಳೆಲ್ಲ ಊಟಕ್ಕೆ ಹೋದಾಗ ವ್ಯತ್ಯಾಸ ಇಳಿದರೆ ಅದು ಮಕ್ಕಳ ಶಾಖ, ಕಿಟಕಿ ಸಾಲದು. ಖಾಲಿ ಕೋಣೆಯಲ್ಲೂ ಇಳಿಯದಿದ್ದರೆ ಚಾವಣಿ ಕಾದಿದೆ. ಅದಕ್ಕೆ ಮೇಲೆ ಸುಣ್ಣ ಬಳಿಯಿರಿ.

ಹೊಸದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ಗಾಳಿಯಂತ್ರ ನಿಲ್ಲಿಸಿದ್ದೇವೆ. ಈ ಸೀಮೆಯಲ್ಲಿ ಗಾಳಿ ಬೀಸುತ್ತದೆ ಎಂದು ಕಂಪನಿಗಳಿಗೆ ಗೊತ್ತಾಗಿ ಕಾಲವಾಯಿತು. ಗುಡ್ಡದ ಕೆಳಗಿನ ಶಾಲೆಗಳಿಗೆ ಬೇಕಾದದ್ದು ಆ ಬೀರು ಅಲ್ಲಿಂದ ಸರಿಯುವುದು. ನಾಲ್ಕು ಜನ ಕೈ ಹಾಕಿದರೆ ಹತ್ತು ನಿಮಿಷದ ಕೆಲಸ, ಟೆಂಡರ್ ಕರೆಯಬೇಕಿಲ್ಲ. ಎಸ್‌ಡಿಎಂಸಿಯವರೇ, ನಾಳೆ ಪ್ರಾರ್ಥನೆ ಮುಗಿದ ಮೇಲೆ ಬನ್ನಿ.