ಪಟ್ಟಿಶಾಸ್ತ್ರಿ

ಸಂಕ್ರಾಂತಿಗೆ ಎರಡು ದಿನ ಇರುವಾಗ ಯಾವುದಾದರೂ ದೊಡ್ಡ ದಿನಸಿ ಅಂಗಡಿಗೆ ಹೋಗಿ ನೋಡಿ. ಬೇಳೆ ಸಾಲಿನಲ್ಲಿ ತಳ್ಳುಗಾಡಿ ಅಡ್ಡ ನಿಲ್ಲಿಸಿಕೊಂಡು, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಎರಡು ಬೆರಳಲ್ಲಿ ಫೋಟೊ ಹಿಗ್ಗಿಸುತ್ತ ನಿಂತ ಒಬ್ಬ ಹುಡುಗ ಸಿಕ್ಕೇ ಸಿಗುತ್ತಾನೆ. "ಸ್ವಲ್ಪ ಜಾಗ ಬಿಡಪ್ಪ" ಅಂದರೆ ಬಿಡುತ್ತಾನೆ, ಕಣ್ಣು ಮಾತ್ರ ಮೊಬೈಲು ಬಿಡುವುದಿಲ್ಲ. ಶಾಸನ ಓದುವವರ ಗಾಂಭೀರ್ಯ ಮುಖದ ಮೇಲಿರುತ್ತದೆ. ಓದುತ್ತಿರುವುದು ಅಜ್ಜಿಯ ಸಾಮಾನು ಪಟ್ಟಿ.

ನಮ್ಮ ಮನೆಯಲ್ಲಿ ಈ ಪಾತ್ರ ನನ್ನ ಅಕ್ಕನ ಮಗನದು. ಮನೆಮಂದಿಯೆಲ್ಲ ಸೇರಿ ಇಟ್ಟ ಹೆಸರು ಪಟ್ಟಿಶಾಸ್ತ್ರಿ. ಅವನ ಅಜ್ಜಿ, ಅಂದರೆ ನಮ್ಮವ್ವ, ಮಂಡ್ಯದ ಕಡೆಯವಳು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಈಗ ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಕ್ಯಾಲೆಂಡರಿನ ಹಾಳೆ ಹರಿದು, ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ಮೊದಲು "ಶ್ರೀ", ಆಮೇಲೆ "ಅರ್ಸ್ಣ", ಅಲ್ಲಿಂದ ಕೆಳಕ್ಕೆ ಉಳಿದ ಸಂಸಾರ. ಅಕ್ಕ ಅದರ ಫೋಟೊ ತೆಗೆದು ಮಗನಿಗೆ ಕಳಿಸುತ್ತಾಳೆ. ಟ್ಯೂಬ್‌ಲೈಟಿನ ಕೆಳಗೆ ತೆಗೆಯುವುದರಿಂದ ಹಾಳೆಯ ಕಾಲುಭಾಗದ ಮೇಲೆ ಅಕ್ಕನ ಕೈಯ ನೆರಳು ಕೂತಿರುತ್ತದೆ. ಇಷ್ಟಾದ ಮೇಲೆ ಶಾಸ್ತ್ರಿಗಳ ಕೆಲಸ ಶುರು.

ಬೇರೆಯವರಾದರೆ ಫೋಟೊ ನೋಡಿಕೊಂಡೇ ಸಾಮಾನು ಎತ್ತಿ ಹಾಕುತ್ತಾರೆ. ಹಾಗೆ ಮಾಡಿದರೆ ಎಣ್ಣೆಗೊಂದು ಸಲ, ಎಳ್ಳಿಗೊಂದು ಸಲ, ಮತ್ತೆ ತುಪ್ಪಕ್ಕೊಂದು ಸಲ ಅಂಗಡಿಯ ಆ ತುದಿಯಿಂದ ಈ ತುದಿಗೆ ಅಲೆಯಬೇಕು. ಅದು ನಿಜವೇ. ಆದ್ದರಿಂದ ಶಾಸ್ತ್ರಿ ಆಫೀಸಿನ ಊಟದ ಬಿಡುವಿನಲ್ಲಿ ಪಟ್ಟಿಯನ್ನು ಕಂಪ್ಯೂಟರಿಗೆ ಇಳಿಸಿ ಒಂಬತ್ತು ವಿಭಾಗ ಮಾಡುತ್ತಾನೆ: ಬೇಳೆಕಾಳು, ಹಿಟ್ಟು-ರವೆ, ಮಸಾಲೆ, ಎಣ್ಣೆ-ತುಪ್ಪ, ಬೆಲ್ಲ-ಸಕ್ಕರೆ, ತರಕಾರಿ-ಹಣ್ಣು, ಹಾಲು-ಮೊಸರು, ಪೂಜೆ, ಸೋಪು-ಪುಡಿ. ಒಂದೊಂದರೊಳಗೂ ಅಕಾರಾದಿ. ಓದಲು ತೊಡಕಾದ ಕಡೆ ಹಳದಿ ಬಣ್ಣ, ಓದಲೇ ಆಗದ ಕಡೆ ಕೆಂಪು.

ಮೊದಮೊದಲು ಅವನ ಹಾಳೆ ಸೇವಂತಿಗೆ ತೋಟದ ಹಾಗಿರುತ್ತಿತ್ತು. ಮೂವತ್ತೊಂದು ಸಾಮಾನಿದ್ದರೆ ಇಪ್ಪತ್ತಕ್ಕೆ ಹಳದಿ. "ಉರಿಗಡ್ಲೆ" ಹಳದಿ, "ದನಿಯ" ಹಳದಿ, "ಇಂಗು" ಬಿಳಿ, "ಸುಂಟಿ" ಹಳದಿ. ಅಜ್ಜಿಯ ಪ್ರಪಂಚದಲ್ಲಿ ಹಕಾರವಿಲ್ಲ, ಮಹಾಪ್ರಾಣವಿಲ್ಲ, ದೀರ್ಘ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆದರೆ ಉರಿಗಡ್ಲೆ ಎಂದು ಬರೆದದ್ದನ್ನು ಹುರಿಗಡಲೆ ಅಲ್ಲದೆ ಇನ್ನೇನೆಂದು ಓದಲು ಸಾಧ್ಯ? ಕಾಗುಣಿತ ತಪ್ಪಿರುವುದು ಬೇರೆ, ಸಂಶಯ ಬೇರೆ. ಶಾಸ್ತ್ರಿಗೆ ಇದು ತಲೆಗೆ ಹೋಗಲು ಒಂದು ಪ್ಯಾಕೆಟ್ ಸೋಡಾ ಬೇಕಾಯಿತು.

"ಸೋಡ ||" ಎಂದು ಅಜ್ಜಿ ಬರೆದಿದ್ದಳು. ಅಕ್ಷರ ದುಂಡಗೆ, ಸ್ಪಷ್ಟ. ಇವನಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಹಿಟ್ಟು-ರವೆಯ ಪಕ್ಕದಲ್ಲಿ ಅಡಿಗೆ ಸೋಡಾ ಇತ್ತು, ತಂದ. ಅವಳಿಗೆ ಬೇಕಾಗಿದ್ದದ್ದು ಬಟ್ಟೆ ಸೋಡಾ, ಹಬ್ಬಕ್ಕೆ ಮುಂಚೆ ಕಂಬಳಿ-ಜಮಖಾನ ನೆನೆಹಾಕುವುದಕ್ಕೆ. ಹಿಂದುಮುಂದಾಗಿ ಬಟ್ಟೆ ಸೋಡಾ ಇಡ್ಲಿ ಹಿಟ್ಟಿಗೆ ಬೀಳಲಿಲ್ಲವಲ್ಲ, ಅದು ನಮ್ಮ ಪುಣ್ಯ. ಸುಳಿವು ಅಲ್ಲೇ ಇತ್ತು ನೋಡಿ. ಅಡಿಗೆ ಸೋಡಾವನ್ನು ಚಿಟಿಕೆ ಲೆಕ್ಕದಲ್ಲಿ ಹಾಕುವ ಮನೆಯಲ್ಲಿ ಅರ್ಧ ಕೆಜಿ ಯಾರು ತರಿಸುತ್ತಾರೆ? ಹೆಸರು ಬಾಯಿ ಬಿಡದಿದ್ದರೆ ತೂಕ ಬಿಡುತ್ತದೆ.

ತೂಕ ಬಾಯಿ ಬಿಡಬೇಕಾದರೆ ಮೊದಲು ಅದನ್ನು ಓದಲು ಬರಬೇಕು. ಆ ಎರಡು ಗೀಟನ್ನು ಶಾಸ್ತ್ರಿ ಹನ್ನೊಂದು ಎಂದು ಓದಿ, ಹನ್ನೊಂದು ಏನು ಎಂದು ತಿಳಿಯದೆ, ಒಂದು ಪ್ಯಾಕೆಟ್ ತಂದಿದ್ದ. ಹಳೆಯ ಕನ್ನಡ ಲೆಕ್ಕದಲ್ಲಿ ಒಂದು ಗೀಟು ಕಾಲು, ಎರಡು ಗೀಟು ಅರ್ಧ, ಮೂರು ಗೀಟು ಮುಕ್ಕಾಲು. ಅವ್ವ ಅದನ್ನು ಅವರಪ್ಪನ ಲೆಕ್ಕದ ಪುಸ್ತಕ ನೋಡಿ ಕಲಿತಳು. ಇಂಗ್ಲಿಷ್ ಅಂಕಿ ಕಲಿತದ್ದು ಬಸ್ಸಿನ ನಂಬರಿನಿಂದ. ಎರಡೂ ಒಂದೇ ಸಾಲಿನಲ್ಲಿ ಕೂತರೆ ಒಂದೂವರೆ "1||" ಆಗುತ್ತದೆ.

"ಅಜ್ಜಿ, ಬೆಲ್ಲ ನೂರಾ ಹನ್ನೊಂದು ಕೆಜೀನಾ?"

"ಯಾರ್ ಮದ್ವೆಲಾ?"

ಆಮೇಲೆ ಅವನೇ ಕಂಡುಹಿಡಿದ: ಅಜ್ಜಿಯ ಅಂಕಿ ಒಂದಕ್ಕೆ ತಲೆಯಲ್ಲಿ ಸಣ್ಣ ಕೊಕ್ಕೆ ಇರುತ್ತದೆ, ಕಾಲಿನ ಗೀಟು ಬೋಳು ಮತ್ತು ಗಿಡ್ಡ. ಈ ಶೋಧವನ್ನು ಅವನು ಮನೆಯ ವಾಟ್ಸಾಪ್ ಗುಂಪಿನಲ್ಲಿ ಬಾಣದ ಗುರುತು ಹಾಕಿದ ಫೋಟೊ ಸಮೇತ ಪ್ರಕಟಿಸಿದ. ಯಾರೂ ಉತ್ತರ ಕೊಡಲಿಲ್ಲ.

ಅನುಮಾನ ಬಂದರೆ ಕೇಳಿದರಾಯಿತಲ್ಲ ಎನ್ನಬಹುದು. ಕೇಳಿದ. ಪಟ್ಟಿಯಲ್ಲಿ "ಆಲು 2" ಇತ್ತು. ಹಾಲಾದರೆ ಏಳನೇ ವಿಭಾಗ, ಆಲೂಗೆಡ್ಡೆಯಾದರೆ ಆರನೆಯದು. ಅಂಗಡಿಯಿಂದಲೇ ಫೋನು.

"ಅಜ್ಜಿ, ಹಾಲಾ, ಆಲೂನಾ?"

"ಊಂ ಕಣ್ಲಾ, ಆಲು."

"ಹಾಲು ತಾನೆ?"

"ಅದೇ ಏಳ್ತಾ ಇರೋದು, ಆಲು."

ಬಾಯಲ್ಲೂ ಹಕಾರವಿಲ್ಲದವರನ್ನು ಹಕಾರ ಇದೆಯೋ ಇಲ್ಲವೋ ಎಂದು ಕೇಳಿ ಪ್ರಯೋಜನವೇನು? ಶಾಸ್ತ್ರಿ ಹಾಲು ತಂದ. ಮನೆಯಲ್ಲಿ ಆಗಲೇ ಎರಡು ಲೀಟರ್ ಇತ್ತು. ಪಲ್ಯಕ್ಕೆ ಗೆಡ್ಡೆ ಇರಲಿಲ್ಲ. ಮುಂದಿನ ವಾರ ಅವನು ಬುದ್ಧಿ ಕಲಿತು, "ಕಾಯ್ಸೋದಾ, ಬೇಯ್ಸೋದಾ?" ಎಂದ. "ಬೇಯಿಸ್ದೆ ಅಸೀದು ತಿಂತಾರೇನ್ಲಾ?" ಅಂತ ಉತ್ತರ ಬಂತು. ಗೆಡ್ಡೆ. ಅಲ್ಲಿಂದಾಚೆಗೆ ಅವನು ಹೆಸರು ಕೇಳುವುದನ್ನು ಬಿಟ್ಟು ಉಪಯೋಗ ಕೇಳತೊಡಗಿದ. "ಸೀಗೆ"ಯೋ "ಸೀಬೆ"ಯೋ ಎಂದು ತಿಳಿಯದಾಗ, "ತಲೆಗಾ, ಬಾಯಿಗಾ?" ಎಂದು ಕೇಳಿದ್ದು ಮಸಾಲೆ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತ್ತು.

ಇಷ್ಟೆಲ್ಲ ಪಳಗಿದ ಮೇಲೂ ಅವನು ಮುಗ್ಗರಿಸಿದ್ದು ಸಂಕ್ರಾಂತಿಯ ಪಟ್ಟಿಯಲ್ಲಿ. ಆ ಪಟ್ಟಿಯ ನಡುಭಾಗ ಹೀಗಿತ್ತು: ಎಳ್ಳು, ಕ.ಬೀ, ಉರಿಗಡ್ಲೆ, ಕೊಬ್ರಿ, ಬೆಲ್ಲ, ಸಕ್ರೆ ಅಚ್ಚು. ಇದನ್ನು ಓದಿದ ಯಾರೇ ಆದರೂ ಎರಡನೆಯ ಸಾಮಾನು ಕಡಲೆಬೀಜ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ಎಳ್ಳು-ಬೆಲ್ಲ ಬೀರುವ ಸಾಮಗ್ರಿ ತಾನೇ? ಆದರೆ ಅಕ್ಕನ ಕೈಯ ನೆರಳು ಅವತ್ತು ಸರಿಯಾಗಿ ಅದೇ ಸಾಲಿನ ಮೇಲಿತ್ತು. "ಬೀ" ಎಂಬುದರ ತಲೆಯ ಸುತ್ತು ಮಸುಕಾಗಿ "ಬೇ" ಥರ ಕಾಣುತ್ತಿತ್ತು. ಶಾಸ್ತ್ರಿ ನಿಯಮದ ಪ್ರಕಾರ ಹಳದಿ ಬಳಿದ. ಬಳಿದು, ಸಂಶಯ ಆಮೇಲೆ ನೋಡೋಣ ಎಂದು ಮೊದಲು ವಿಂಗಡಿಸಿದ.

ತಪ್ಪು ಅಲ್ಲೇ ಆಯಿತು. ವಿಂಗಡಿಸಿದೊಡನೆ ಎಳ್ಳು ಒಂದು ಕಡೆ ಹೋಯಿತು, ಬೆಲ್ಲ ಐದನೇ ವಿಭಾಗಕ್ಕೆ ಹೋಯಿತು, ಕೊಬ್ಬರಿ ಇನ್ನೆಲ್ಲಿಗೋ. ಒಂಟಿಯಾದ "ಕ.ಬೀ" ತೊಗರಿಬೇಳೆ, ಹೆಸರುಬೇಳೆಗಳ ಪಕ್ಕ ಬಂದು ಕೂತಿತು. ಅಂಗಡಿಯಲ್ಲಿ ನಿಂತು ಹಳದಿ ಸಾಲನ್ನು ನೋಡಿದರೆ, ಸುತ್ತ ಎಲ್ಲ ಬೇಳೆಗಳೇ. ಅದೂ ಬೇಳೆಯೇ ಇರಬೇಕು ಎಂದು ತೋರದೆ ಇನ್ನೇನಾದೀತು? ಅಕ್ಕಪಕ್ಕದ ಸಾಕ್ಷಿಗಳನ್ನೆಲ್ಲ ಊರು ಬಿಡಿಸಿ, ಸುಳ್ಳು ಸಾಕ್ಷಿಗಳನ್ನು ತಂದು ನಿಲ್ಲಿಸಿ, ಆಮೇಲೆ ವಿಚಾರಣೆ ಮಾಡಿದ ಹಾಗಾಯಿತು. ಒಂದು ಕೆಜಿ ಕಡಲೆಬೇಳೆ ಬಂತು.

ಅದೇ ಪಟ್ಟಿಯಲ್ಲಿ ಇನ್ನೊಂದು. ಅವ್ವ "ತೊಗ್ರಿ ಬೇಳೆ" ಎಂದು ಒಮ್ಮೆ ಬರೆದರೆ ಕೆಳಗೆ "ಉದ್ದಿನ" ಎಂದು ಬರೆದು ಬೇಳೆಯ ಜಾಗದಲ್ಲಿ ಎರಡು ಚುಕ್ಕೆ ಕುಟ್ಟುತ್ತಾಳೆ, ಮೇಲಿನದೇ ಎಂದು ಅರ್ಥ. ಅಕಾರಾದಿಯಲ್ಲಿ ಉದ್ದು ಮೇಲಕ್ಕೆ ಹೋಯಿತು, "ಅವ್ರೆ ಕಾಳು" ಅದರ ನೆತ್ತಿಯ ಮೇಲೆ ಬಂತು. ಚುಕ್ಕೆಗಳು ಈಗ ಕಾಳನ್ನು ತೋರಿಸುತ್ತಿದ್ದವು. ಹೀಗೆ ಉದ್ದಿನಬೇಳೆ ಹೋಗಿ ಸಿಪ್ಪೆ ಸಮೇತ ಕರೀ ಉದ್ದಿನಕಾಳು ಬಂತು.

ಅವ್ವ ಚೀಲ ಬಿಚ್ಚಿ ನೋಡಿದಳು. ಕಡಲೆಬೇಳೆಯನ್ನು ಅಂಗೈಯಲ್ಲಿ ಹಿಡಿದು, "ಏನ್ಲಾ, ಸಂಕ್ರಾಂತೀಲಿ ಒಬ್ಬಟ್ಟು ಮಾಡೀಯಾ?" ಅಂದಳು. ಶಾಸ್ತ್ರಿ ಮೊಬೈಲಿನಲ್ಲಿ ಹಳದಿ ಸಾಲು ತೋರಿಸಿ, "ನಾನು ಡೌಟು ಅಂತ ಮಾರ್ಕ್ ಮಾಡಿದ್ದೆ ಅಜ್ಜಿ" ಎಂದ. ಅವಳು ಕನ್ನಡಕ ಏರಿಸಿ ಅದನ್ನು ಸ್ವಲ್ಪ ಹೊತ್ತು ನೋಡಿದಳು. "ಅರ್ಸ್ಣ ಅಚ್ಬುಟ್ರೆ ಬೇಳೆ ಬೀಜ ಆಯ್ತದಾ?" ಕಡಲೆಬೀಜ ತರಲು ನನ್ನನ್ನು ಓಡಿಸಿದರು. ನನಗೆ ಅವ್ವನ ಅಕ್ಷರ ಚೆನ್ನಾಗಿ ಓದಲು ಬರುತ್ತದೆ, ಇಷ್ಟು ವರ್ಷ ಯಾರೂ ಕೇಳಿರಲಿಲ್ಲ ಅಷ್ಟೆ.

ಆದರೂ ಹುಡುಗ ಸೋಲೊಪ್ಪುವ ಜಾತಿಯಲ್ಲ. ಈಗಿನ ಅವನ ಹಾಳೆಯಲ್ಲಿ ಮೊದಲ ಕಂಬದಲ್ಲಿ ಅಜ್ಜಿಯ ಸಾಲಿನ ಕ್ರಮಸಂಖ್ಯೆ ಇರುತ್ತದೆ, ವಿಂಗಡಿಸಿದ ಮೇಲೂ ಯಾರ ಪಕ್ಕ ಯಾರಿದ್ದರು ಎಂದು ತಿಳಿಯಲಿ ಎಂದು. ಎರಡನೆಯದರಲ್ಲಿ ಅವಳು ಬರೆದದ್ದು ಬರೆದಂತೆಯೇ, ತಿದ್ದುವುದನ್ನು ಬಿಟ್ಟಿದ್ದಾನೆ. ಮೂರನೆಯದು ಅವನ ಓದು. ಚುಕ್ಕೆಗಳಿದ್ದ ಕಡೆಯೆಲ್ಲ ಮೊದಲೇ ಪೂರ್ತಿ ಹೆಸರು ತುಂಬುತ್ತಾನೆ. ಎರಡು ಅರ್ಥ ಬರುವ ಪದಕ್ಕೆ ಮಾತ್ರ ಹಳದಿ, ಹೀಗಾಗಿ ಸೇವಂತಿಗೆ ತೋಟದಲ್ಲಿ ಈಗ ಎರಡು ಮೂರು ಹೂವು. ಫೋಟೊವನ್ನು ಹಗಲು ಹೊತ್ತು ಕಿಟಕಿ ಪಕ್ಕದಲ್ಲಿ ತೆಗೆಯಬೇಕೆಂದು ಅಮ್ಮನಿಗೆ ತಾಕೀತು ಮಾಡಿದ್ದಾನೆ.

ಅವನಿಗೆ ಇನ್ನೂ ಬಗೆಹರಿಯದ್ದು ಬಜೆ, ಅಳಲೆಕಾಯಿಯಂಥವು. ಒಂಬತ್ತರಲ್ಲಿ ಯಾವುದಕ್ಕೂ ಸೇರದೆ "ಇತರೆ"ಯಲ್ಲಿ ಬಿದ್ದು ಪ್ರತಿಸಲ "ಸಿಗಲಿಲ್ಲ" ಎಂದು ವಾಪಸಾಗುತ್ತವೆ. ಅವು ಸಿಗುವುದು ಗ್ರಂಧಿಗೆ ಅಂಗಡಿಯಲ್ಲಿ, ಆ ಬಾಗಿಲಿಗೆ ಇವನ ತಳ್ಳುಗಾಡಿ ಹಿಡಿಸುವುದಿಲ್ಲ.

ಯುಗಾದಿಗೆ ಅವ್ವ ತಾನೇ ವಿಂಗಡಿಸಿ ಕೊಟ್ಟಳು. ಮೂರೇ ವಿಭಾಗ: "ಸೆಟ್ರಂಗ್ಡಿ", "ಗ್ರಂದ್ಗೆ", "ಸೊಪ್ಪಿನೋಳು". ಎಲ್ಲಕ್ಕಿಂತ ಕೆಳಗೆ, ಹಾಳೆಯ ಅಂಚಿನಲ್ಲಿ, "ನಿಂಗೆ" ಎಂದು ಬರೆದು, ಮುಂದೆ "ಕಡ್ಲೆ ಮಿಟಾಯಿ 1|". ಶಾಸ್ತ್ರಿ ಅಂಗಡಿಯಲ್ಲಿ ನಿಂತು ಅದನ್ನು ಬಹಳ ಹೊತ್ತು ಹಿಗ್ಗಿಸಿ ನೋಡಿದ. ಎರಡನೆಯ ಗೀಟು ಗಿಡ್ಡ, ಬೋಳು, ಕೊಕ್ಕೆ ಇರಲಿಲ್ಲ. ಅವನ ಶೋಧದ ಪ್ರಕಾರವೇ ಅದು ಒಂದೂಕಾಲು. ನನ್ನನ್ನು ಕೇಳಲಿಲ್ಲ, ಅಜ್ಜಿಗೆ ಫೋನೂ ಮಾಡಲಿಲ್ಲ. ಹನ್ನೊಂದು ಎಣಿಸಿ ಗಾಡಿಗೆ ಹಾಕಿದ.