ಶಿರಸ್ತೇದಾರರ ಕೆಂಪು ಶಾಯಿ

ವಿದೇಶದ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕುವ ನಮ್ಮ ಬಡಾವಣೆಯ ಹುಡುಗರು ತಮ್ಮ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಎಂಬ ಎರಡು ಪುಟದ ನಿವೇದನೆಯನ್ನು ನಿವೃತ್ತ ಶಿರಸ್ತೇದಾರರ ಕೆಂಪು ಶಾಯಿಯಲ್ಲಿ ಮೀಯಿಸದೆ ಸಮುದ್ರ ದಾಟಿಸಬಾರದೆಂಬುದು ಇಲ್ಲಿಯ ಅಲಿಖಿತ ಶಾಸನ. ಮುರಿದ ಕುರ್ಚಿಯ ದುರಸ್ತಿಗೆ ಬರೆದ ಕಾಗದವೂ ‘ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್’ ಎಂದೇ ಮುಗಿಯುತ್ತಿದ್ದ ಕಡತಗಳಲ್ಲಿ ಇಂಗ್ಲಿಷು ಕಲಿತವರು ಅವರು. ಆಂಗ್ಲರು 1947ರಲ್ಲಿ ಹೊರಟುಹೋದರು. ‘ಡೂ ದಿ ನೀಡ್‌ಫುಲ್’ ಅವರ ನಾಡಿನಲ್ಲಿಯೇ ಹಳತಾಯಿತು. ನಮ್ಮ ಶಿರಸ್ತೇದಾರರ ಲೇಖನಿಯಲ್ಲಿ ಮಾತ್ರ ಅದಕ್ಕೆ ಇಂದಿಗೂ ಪೂರ್ಣ ವೇತನ.

ವ್ಯಾಕರಣದಲ್ಲಿಯೂ ಅವರದು ಉದಾರ ಹಸ್ತ. ಕನ್ನಡದಲ್ಲಿ ‘ದಿ’ ಎಂಬುದಕ್ಕೆ ಸಮನಾದ ಪ್ರತ್ಯೇಕ ಪದವಿಲ್ಲವಾಗಿ ಹುಡುಗರು ಅದನ್ನು ಮರೆಯುವುದು ಸಹಜ. ಆ ಕೊರತೆಯನ್ನು ನೀಗಿಸಲೆಂದು ಇವರು ‘ದಿ ಸೈನ್ಸ್’, ‘ದಿ ನೇಚರ್’ ಎಂದು ಬೇಡದೆಡೆಯಲ್ಲೆಲ್ಲ ದಾನಮಾಡುತ್ತಾರೆ. ಆಸಕ್ತಿ ಇದೆಯೆಂಬುದಕ್ಕೆ ‘ಐ ಹ್ಯಾವ್’ ಸಾಕಾಗಿದ್ದರೂ, ‘ಐ ಆಮ್ ಹ್ಯಾವಿಂಗ್’ ಎಂದರೇನೇ ಅವರಿಗೆ ವಾಕ್ಯ ತುಂಬಿದಂತೆ. ಇಂಥ ತಪ್ಪುಗಳಿಂದ ಅರ್ಥವೇನೂ ಕೆಡದು. ಓದುವ ಪ್ರಾಧ್ಯಾಪಕನು ಬಹುಶಃ ನಕ್ಕು ಮುಂದೆ ಸಾಗಿಯಾನು. ಯಾವ ವ್ಯಾಕರಣವೂ ತಪ್ಪೆನ್ನದ ಅತಿವಿನಯವೇ, ನನ್ನ ಮಟ್ಟಿಗೆ, ಹೆಚ್ಚು ಅಪಾಯಕಾರಿ.

ಮೊನ್ನೆ ಪಾವಗಡದ ಕಡೆಯ ಹುಡುಗನೊಬ್ಬನು ತನ್ನ ನಿವೇದನೆಯನ್ನು ತಂದಿದ್ದನು. ತಮ್ಮೂರಿನ ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದ್ದಾಗಿಯೂ, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಫ್ಲೋರೈಡು ಕೆಲವೆಡೆ ಅದರ ಇಮ್ಮಡಿ ಇದ್ದುದಾಗಿಯೂ, ಅದನ್ನು ಅಗ್ಗದಲ್ಲಿ ಸೋಸುವ ಬಗೆಯನ್ನು ಕಲಿಯಲೆಂದು ಬರುವುದಾಗಿಯೂ ಮೂರು ಪುಟ್ಟ ವಾಕ್ಯಗಳಲ್ಲಿ ಬರೆದಿದ್ದನು. ಶಿರಸ್ತೇದಾರರು ಕನ್ನಡಕವನ್ನು ಹಣೆಗೇರಿಸಿ, “ಇದೇನಯ್ಯ, ದೊಡ್ಡವರ ಮುಂದೆ ಹೀಗೆ ಬಡಬಡಿಸುವುದೆ?” ಎಂದವರೇ ಮೂರನ್ನೂ ಹೊಡೆದುಹಾಕಿ, ‘ಇಟ್ ಈಸ್ ಹಂಬ್ಲಿ ಸಬ್ಮಿಟೆಡ್ ದಟ್ ದಿ ಅಂಡರ್‌ಸೈನ್ಡ್ ಈಸ್ ಹ್ಯಾವಿಂಗ್ ಕೀನ್ ಇಂಟರೆಸ್ಟ್ ಇನ್ ದಿ ವಾಟರ್ ಸಿನ್ಸ್ ಚೈಲ್ಡ್‌ಹುಡ್’ ಎಂದು ಬರೆದು, ‘ಯುವರ್ ಎಸ್ಟೀಮ್ಡ್ ಯೂನಿವರ್ಸಿಟಿ’ಯನ್ನು ಮೂರು ಕಡೆ ಪ್ರತಿಷ್ಠಾಪಿಸಿದರು. ಆ ವಾಕ್ಯದ ಕೆಳಗೆ ನಾಡಿನ ಯಾವ ವಿದ್ಯಾರ್ಥಿಯ ಹೆಸರನ್ನು ಬರೆದರೂ ಅದು ಒಪ್ಪುತ್ತಿತ್ತು. ಪಾವಗಡವಾಗಲಿ ಫ್ಲೋರೈಡಾಗಲಿ ಅದರಲ್ಲಿ ಉಳಿದಿರಲಿಲ್ಲ.

ಹುಡುಗನು ಹಾಳೆಯನ್ನು ಎರಡು ಬಾರಿ ಓದಿ, “ಸಾರ್, ಈ ಅಂಡರ್‌ಸೈನ್ಡ್ ಅನ್ನೋರು ಯಾರು?” ಎಂದನು.

“ನೀನೇ ಕಣಯ್ಯ!”

“ಹಾಗಾದರೆ ನಾನು ಅಳೆದ ಬೋರ್‌ವೆಲ್ಲು?”

ಶಿರಸ್ತೇದಾರರು ಕ್ಷಣಕಾಲ ಯೋಚಿಸಿ, ಅಂಚಿನಲ್ಲಿ ಕೆಂಪು ಗೆರೆಯೊಂದನ್ನು ಎಳೆದು, “ಇರಲಿ, ಅದನ್ನು ಎನ್‌ಕ್ಲೋಷರಿನಲ್ಲಿ ಲಗತ್ತಿಸೋಣ” ಎಂದರು.