ಹಿನ್ನೆಲೆರಾಯರ ತಲೆಗೂದಲು

ವಿಡಿಯೊ ಮೀಟಿಂಗು ನಡೆಸುವ ಯಾವ ಆಫೀಸಿನಲ್ಲೂ ಒಬ್ಬರಾದರೂ ಹಿನ್ನೆಲೆರಾಯರು ಇದ್ದೇ ಇರುತ್ತಾರೆ. ಬೆಂಗಳೂರಿನ ಬಾಡಿಗೆ ಮನೆಯ ಚಿಕ್ಕ ಕೋಣೆ ಅವರದು. ಮಡಚದ ಬಟ್ಟೆ ಹೊತ್ತ ಪ್ಲಾಸ್ಟಿಕ್ ಕುರ್ಚಿ, ಮನೆ ಬದಲಿಸುವಾಗ ಬೇಕಾದೀತೆಂದು ಎತ್ತಿಟ್ಟ ಟಿ.ವಿ. ರಟ್ಟಿನ ಪೆಟ್ಟಿಗೆ, ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದ ಶರ್ಟುಗಳು, ಇಷ್ಟರ ಮುಂದೆ ಕೂತು ರಾಯರು ಲೋಕಕ್ಕೆ ದರ್ಶನ ಕೊಡುವುದು ಮಾತ್ರ ನೆಲದಿಂದ ಸೂರಿನವರೆಗೆ ಪುಸ್ತಕ ತುಂಬಿದ ಗ್ರಂಥಾಲಯದಿಂದ. ಗಾಂಭೀರ್ಯಕ್ಕೆ ಏನೂ ಕೊರತೆಯಿಲ್ಲ, ಅವರು ತಲೆ ಅಲ್ಲಾಡಿಸುವವರೆಗೆ. ‘ಹೌದು ಸಾರ್’ ಎಂದು ತಲೆದೂಗಿದೊಡನೆ ಕಿವಿಯ ಮೇಲಿನ ಕೂದಲು ಮಾಯವಾಗಿ ಅಲ್ಲಿಂದ ಗ್ರಂಥಾಲಯದ ಪುಸ್ತಕ ಇಣುಕುತ್ತದೆ, ಮರುಕ್ಷಣ ಪುಸ್ತಕ ಹೋಗಿ ಕೂದಲು ಮರಳುತ್ತದೆ. ಕಾಫಿ ಕುಡಿಯಲು ಎತ್ತಿದ ಲೋಟ ಗಾಳಿಯಲ್ಲಿ ಕರಗಿ, ರಾಯರು ಬರಿಗೈಯನ್ನೇ ಹೀರುತ್ತಿರುವಂತೆ ಕಾಣುತ್ತಾರೆ. ಅವರ ದೂರೆಲ್ಲ ಸಾಫ್ಟ್‌ವೇರಿನ ಮೇಲೆ. ನನ್ನ ವಾದ ಬೇರೆ. ಕೂದಲ ಸುತ್ತ ಮಿನುಗುವ ರೋಗಕ್ಕೆ ಮದ್ದು ಸಾಫ್ಟ್‌ವೇರಿಗಿಂತ ಹೆಚ್ಚಾಗಿ ತಲೆಯ ಸುತ್ತಲ ಒಂದು ಮೊಳದ ಜಾಗದಲ್ಲಿದೆ, ಮತ್ತು ಆ ಒಂದು ಮೊಳ ಬಿಟ್ಟು ಉಳಿದ ಕೋಣೆಯನ್ನು ರಾಯರು ಬಹುಪಾಲು ಹಾಗೇ ಬಿಡಬಹುದು.

ಸಾಫ್ಟ್‌ವೇರ್ ಮಾಡುವ ಕೆಲಸವನ್ನು ಮೊದಲು ನೋಡೋಣ. ಕ್ಯಾಮೆರಾ ಕೊಟ್ಟ ಪ್ರತಿ ಚಿತ್ರವನ್ನೂ ಅದು ಚೌಕಳಿಗಳಾಗಿ ಒಡೆದು, ಈ ಚೌಕಳಿ ಮನುಷ್ಯನದೋ ಗೋಡೆಯದೋ ಎಂದು ಅಂದಾಜು ಮಾಡುತ್ತದೆ. ಸೆಕೆಂಡಿಗೆ ಇಪ್ಪತ್ತು ಮೂವತ್ತು ಸಲ ಈ ಕೆಲಸ ಮುಗಿಯಬೇಕಾದ್ದರಿಂದ ದೊಡ್ಡ ಚಿತ್ರವನ್ನು ಕುಗ್ಗಿಸಿಕೊಂಡೇ ನೋಡುತ್ತದೆ. ಗೂಗಲ್ ಎಲ್ಲರಿಗೂ ಬಿಟ್ಟುಕೊಟ್ಟಿರುವ ಮೀಡಿಯಾಪೈಪ್‌ನ ಅಡ್ಡ ಚಿತ್ರದ ಮಾದರಿ ನೋಡುವುದು 256 ಅಗಲ, 144 ಎತ್ತರದ ಚೌಕಳಿಗಳನ್ನು ಮಾತ್ರ. ರಾಯರು ಲ್ಯಾಪ್‌ಟಾಪಿನಿಂದ ಎರಡಡಿ ದೂರ ಕೂತರೆ ಕ್ಯಾಮೆರಾಕ್ಕೆ ಸುಮಾರು 70 ಸೆಂಟಿಮೀಟರ್ ಅಗಲ ಕಾಣುತ್ತದೆ ಎಂದಿಟ್ಟುಕೊಳ್ಳಿ. ಅದನ್ನು 256ರಿಂದ ಭಾಗಿಸಿದರೆ ಒಂದು ಚೌಕಳಿಯ ಅಗಲ ಎರಡೂಮುಕ್ಕಾಲು ಮಿಲಿಮೀಟರ್ ಹತ್ತಿರ. ಕೂದಲಿನ ದಪ್ಪ ಹೆಚ್ಚೆಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅಲ್ಲಿಗೆ ಒಂದೇ ಚೌಕಳಿಯಲ್ಲಿ ನಾಲ್ಕೆಳೆ ಕೂದಲೂ ಇದೆ, ಅವುಗಳ ಸಂದಿಯಲ್ಲಿ ಗೋಡೆಯೂ ಇದೆ. ಇಷ್ಟು ಒರಟು ಅಳತೆಯಲ್ಲಿ ಎಳೆ ಎಳೆಯಾಗಿ ಬಿಡಿಸು ಎನ್ನುವುದು ಈಳಿಗೆಮಣೆಯಲ್ಲಿ ಸಾಸಿವೆ ಹೆಚ್ಚು ಎಂದ ಹಾಗೆ. ಆಮೇಲೆ ಮೂಲ ಚಿತ್ರದ ಬಣ್ಣಗಳ ಅಂಚನ್ನು ಹಿಡಿದು ಈ ಒರಟು ಗೆರೆಯನ್ನು ನಯಗೊಳಿಸುವ ಕ್ರಮವೂ ಇದೆ. ಆದರೆ ಹಿಡಿಯಲು ಅಂಚೊಂದು ಕಂಡರೆ ತಾನೇ? ರಾಯರ ಕಪ್ಪು ಕೂದಲ ಹಿಂದೆ ಗಾಢ ಕಂದು ವಾರ್ಡ್‌ರೋಬು ನಿಂತಿದ್ದರೆ ಕೂದಲು ಮುಗಿದು ಮರ ಶುರುವಾಗುವುದು ಎಲ್ಲಿ ಎಂದು ಮನುಷ್ಯರ ಕಣ್ಣೇ ತಡವರಿಸುತ್ತದೆ. ಎಣ್ಣೆ ಹಚ್ಚಿ ಬಾಚಿದ ತಲೆಗೆ ಈ ಕಾಟ ಕಡಿಮೆ. ಬೋಳುತಲೆಯವರಿಗಂತೂ ಸಾಫ್ಟ್‌ವೇರ್ ತೋರುವಷ್ಟು ಗೌರವ ಬೇರಾರೂ ತೋರಿರಲಾರರು.

ಗೆರೆ ತಪ್ಪುವುದು ಒಂದು ದೋಷ, ಮಿನುಗುವುದು ಇನ್ನೊಂದು. ಗೆರೆ ತಪ್ಪಾಗಿದ್ದರೂ ಇದ್ದಲ್ಲೇ ಇದ್ದರೆ ನೋಡುವವರು ಎರಡು ನಿಮಿಷದಲ್ಲಿ ಮರೆಯುತ್ತಾರೆ. ಆದರೆ ಆ ಅರೆಬರೆ ಚೌಕಳಿ ಈ ಕ್ಷಣ ಮನುಷ್ಯನಾಗಿ, ಮರುಕ್ಷಣ ಗೋಡೆಯಾಗಿ ಪಕ್ಷಾಂತರ ಮಾಡುತ್ತಲೇ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಇದಕ್ಕೆ ಮುಖ್ಯ ಕಾರಣ ಬೆಳಕಿನ ಬಡತನ. ಬೆಳಕು ಸಾಲದಾದಾಗ ಕ್ಯಾಮೆರಾ ಬಂದಷ್ಟನ್ನೇ ಹಿಗ್ಗಿಸಿ ತೋರಿಸುತ್ತದೆ, ಅದರೊಂದಿಗೆ ಚುಕ್ಕೆಚುಕ್ಕೆಯಾಗಿ ಕುಣಿಯುವ ಗದ್ದಲವೂ ಹಿಗ್ಗುತ್ತದೆ, ಅಂದಾಜು ಅತ್ತಿತ್ತ ವಾಲುತ್ತದೆ. ರಾತ್ರಿ ಎಂಟರ ಮೀಟಿಂಗಿಗೆ ರಾಯರು ಬೆನ್ನ ಹಿಂದೆ ಟ್ಯೂಬ್‌ಲೈಟು, ನೆತ್ತಿಯ ಮೇಲೆ ಐದರಲ್ಲಿ ತಿರುಗುವ ಫ್ಯಾನು ಇಟ್ಟುಕೊಂಡು ಕೂತರೆ ಕೂದಲೂ ಹಾರುತ್ತದೆ, ರೆಕ್ಕೆಯ ನೆರಳೂ ಗೋಡೆಯ ಮೇಲೆ ಓಡುತ್ತದೆ. ಹಿಂದಿನ ಚಿತ್ರದ ತೀರ್ಪನ್ನು ಈಗಿನದರೊಂದಿಗೆ ಬೆರೆಸಿ ಮಿನುಗು ಅಡಗಿಸಬಹುದಲ್ಲ ಎಂದರೆ, ಬೆರೆಸುತ್ತಾರೆ. ಹೆಚ್ಚು ಬೆರೆಸಿದರೆ ರಾಯರು ಪಕ್ಕಕ್ಕೆ ತಿರುಗಿದಾಗ ಅವರ ಹಳೆಯ ತಲೆಯ ಅಂಚು ಒಂದು ಗಳಿಗೆ ಹಿಂದೆಯೇ ಉಳಿದುಬಿಡುತ್ತದೆ. ಮಿನುಗಿಗೂ ಈ ಎಳೆದಾಟಕ್ಕೂ ನಡುವೆ ಎಲ್ಲೋ ಒಂದು ಕಡೆ ಸಾಫ್ಟ್‌ವೇರ್ ನಿಲ್ಲಲೇಬೇಕು.

ರಾಯರು ಇಷ್ಟಕ್ಕೆ ಒಪ್ಪುವ ಕುಳವಲ್ಲ. ದುಬಾರಿ ಕ್ಯಾಮೆರಾ ತಂದರೆ ಸರಿಹೋಗುತ್ತದೆ ಎನ್ನುತ್ತಾರೆ. ಹೊಸ ಕ್ಯಾಮೆರಾ ಮಬ್ಬಿನಲ್ಲಿ ಚೆನ್ನಾಗಿ ಕಾಣಬಲ್ಲದಾದರೆ ಉಪಯೋಗವುಂಟು, ಆದರೆ ಚಿತ್ರದ ಗಾತ್ರ ಎಷ್ಟೇ ಹೆಚ್ಚಿದರೂ ಅಂದಾಜು ನಡೆಯುವುದು ಕುಗ್ಗಿಸಿದ ಚೌಕಳಿಗಳ ಮೇಲೇ. ಆ ದುಡ್ಡಿನ ಚೂರು ಭಾಗಕ್ಕೆ ಬರುವ ಟೇಬಲ್ ಲ್ಯಾಂಪನ್ನು ಲ್ಯಾಪ್‌ಟಾಪಿನ ಹಿಂದಿಟ್ಟು, ಎದುರಿನ ಬಿಳಿ ಗೋಡೆಗೆ ತಿರುಗಿಸಿ, ಚದುರಿದ ಬೆಳಕು ಮುಖಕ್ಕೂ ಕೂದಲಿಗೂ ಬೀಳುವಂತೆ ಮಾಡಿದರೆ ಲಾಭ ಹೆಚ್ಚು. ಎರಡನೆಯ ಆಕ್ಷೇಪ ಸಿನಿಮಾದವರ ಹಸಿರು ಬಟ್ಟೆಯದು. ಅದಕ್ಕೆ ತಲೆಬಾಗಲೇಬೇಕು, ಝೂಮ್‌ನಲ್ಲಿ ‘I have a green screen’ ಎಂಬ ಆಯ್ಕೆ ಇರುವುದೇ ಅದಕ್ಕಾಗಿ. ಅಲ್ಲಿ ಮನುಷ್ಯನನ್ನು ಊಹಿಸುವ ಗೋಜಿಲ್ಲ, ಹಸಿರನ್ನು ತೆಗೆದರಾಯಿತು. ಆದರೆ ಬಟ್ಟೆಗೆ ಸುಕ್ಕಿರಬಾರದು, ಬೆಳಕು ಸಮನಾಗಿ ಬೀಳಬೇಕು, ರಾಯರು ಅದರಿಂದ ಮೂರು ನಾಲ್ಕು ಅಡಿ ಮುಂದೆ ಕೂರಬೇಕು. ಇಲ್ಲದಿದ್ದರೆ ಹಸಿರು ಕೂದಲಂಚಿಗೆ ಬಳಿದುಕೊಂಡು ಪಾಚಿ ಕಟ್ಟಿದಂತೆ ಕಾಣುತ್ತದೆ. ಅಂದು ಹಸಿರು ಸೀರೆ, ಹಸಿರು ಅಂಗಿಗಳಿಗೂ ರಜೆ. ಇಷ್ಟಕ್ಕೂ, ಅಷ್ಟಗಲದ ಬಟ್ಟೆ ಕಟ್ಟಿದ ಮೇಲೆ ಕೋಣೆಯ ಅವ್ಯವಸ್ಥೆ ಬಟ್ಟೆಯ ಹಿಂದೆಯೇ ಮುಚ್ಚಿಹೋಯಿತಲ್ಲ, ಇನ್ನು ಗ್ರಂಥಾಲಯ ಯಾಕೆ?

ಮೂರನೆಯ ಆಕ್ಷೇಪವೇ ತೂಕದ್ದು: ಹಿಂದೆ ಖಾಲಿ ಗೋಡೆ ಬೇಕೆಂದಾದರೆ ಕೋಣೆ ಗುಡಿಸಿದಂತೆಯೇ ಆಯಿತು, ಮತ್ತೆ ಸಾಫ್ಟ್‌ವೇರಿನ ಉಪಕಾರವೇನು? ಉತ್ತರ ಗಡಿಯಲ್ಲಿದೆ. ತಕರಾರು ಇರುವುದು ತಲೆ ಮತ್ತು ಭುಜದ ಅಂಚಿನಲ್ಲಿ ಮಾತ್ರ. ಅಲ್ಲಿಂದ ದೂರದ ಬಟ್ಟೆರಾಶಿಯನ್ನು ಮನುಷ್ಯನಲ್ಲ ಎಂದು ಸಾಫ್ಟ್‌ವೇರ್ ಸಾಮಾನ್ಯವಾಗಿ ಧೈರ್ಯದಿಂದಲೇ ಅಳಿಸುತ್ತದೆ. ಆದ್ದರಿಂದ ಕ್ಯಾಮೆರಾದ ಕಣ್ಣಿನಲ್ಲಿ ತಲೆಯ ಸುತ್ತ ಒಂದು ಮೊಳ ಮಾತ್ರ ಒಂದೇ ಬಣ್ಣದ, ಕೂದಲಿಗಿಂತ ತಿಳಿಯಾದ ಗೋಡೆ ಬರುವಂತೆ ಕುರ್ಚಿಯನ್ನು ಜರುಗಿಸಿದರೆ ಸಾಕು. ವಿನಾಯಿತಿ ಇಲ್ಲದ್ದು ಎರಡಕ್ಕೆ. ಮೊಳೆಗೆ ತೂಗಿದ ಶರ್ಟಿಗೆ ತೋಳೂ ಭುಜವೂ ಇರುವುದರಿಂದ ಸಾಫ್ಟ್‌ವೇರ್ ಅದನ್ನು ಇನ್ನೊಬ್ಬ ನೌಕರನೆಂದು ನಂಬಿ ಮೀಟಿಂಗಿಗೆ ಕರೆತರಬಹುದು. ಕತ್ತಿಗಿಂತ ಎತ್ತರದ ಕರಿ ಕುರ್ಚಿಯ ಒರಗು ಕೂದಲಿನೊಡನೆ ಸೇರಿಕೊಂಡು ರಾಯರಿಗೆ ಕಿರೀಟ ತೊಡಿಸುತ್ತದೆ.

ಹಿನ್ನೆಲೆಯ ಚಿತ್ರ ಆರಿಸುವಲ್ಲೂ ರಾಯರ ಗತ್ತೇ ಅವರಿಗೆ ಶತ್ರು. ನಿಜದ ಗೋಡೆ ಬಿಳಿ, ಆರಿಸಿದ್ದು ಕಡುಗಪ್ಪು ಗ್ರಂಥಾಲಯ. ಕೂದಲ ಸಂದಿಯಲ್ಲಿ ಉಳಿದ ಗೋಡೆಯ ಚೂರೆಲ್ಲ ಬೆಳ್ಳನೆಯ ಪ್ರಭಾವಳಿಯಾಗಿ ಹೊಳೆಯುತ್ತದೆ. ಗೋಡೆಯಷ್ಟೇ ತಿಳಿಯಾದ ಚಿತ್ರ ಹಾಕಿದರೆ ಅದೇ ತಪ್ಪು ಕಣ್ಣಿಗೇ ಬೀಳದು. ಬ್ಲರ್ ಆಯ್ಕೆ ಇನ್ನೂ ಸಲೀಸು, ಏಕೆಂದರೆ ಅಂಚಿನಲ್ಲಿ ಉಳಿದ ಚೂರಿನ ಬಣ್ಣವೂ ಅದರ ಹಿಂದಿನ ಮಸುಕಿನ ಬಣ್ಣವೂ ಒಂದೇ ಕೋಣೆಯದು. ಆದರೆ ಮಸುಕಿನಲ್ಲಿ ವಿದ್ವತ್ತು ಕಾಣುವುದಿಲ್ಲವೆಂದು ರಾಯರು ಅದನ್ನು ಮುಟ್ಟರು. ನೀವು ಮುಟ್ಟಬಹುದು. ಚಿತ್ರವೇ ಬೇಕೆಂದರೆ ಮೀಟಿಂಗಿಗೆ ಮೊದಲು ಕಡು ಗುಲಾಬಿಯಂಥ ಒಂದೇ ಬಣ್ಣದ ಹಿನ್ನೆಲೆ ಹಾಕಿ, ತಲೆಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ ಕಿವಿಯ ಬಳಿ ನೋಡಿ. ಗುಲಾಬಿಯ ಮೇಲೆ ಯಾವ ಮಿನುಗೂ ಅಡಗಿ ಕೂರಲಾರದು. ಅಲ್ಲಿ ಕುಣಿತ ಕಂಡರೆ ದೀಪವನ್ನೋ ಕುರ್ಚಿಯನ್ನೋ ಸರಿಸಿ, ಫ್ಯಾನನ್ನು ಎರಡಕ್ಕೆ ಇಳಿಸಿ, ಇನ್ನೊಮ್ಮೆ ನೋಡಿ.